ಸೀಟು ಕಡಿಮೆ ಇರುವ ತರಗತಿಗೆ ತಿಂಗಳ ಫೀಸು ನಿಗದಿ ಮಾಡುವ ಲೆಕ್ಕ

ಫೀಸು ನಿಗದಿ ಮಾಡುವಾಗ ಹೆಚ್ಚಿನವರು ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಬೇರೆಯವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ ಅದಕ್ಕಿಂತ ಸ್ವಲ್ಪ ಕಡಿಮೆ ಹೇಳುವುದು ಒಂದು. ಒಟ್ಟು ಖರ್ಚನ್ನು ಒಟ್ಟು ಸೀಟಿಗೆ ಭಾಗಿಸಿ ಬಂದದ್ದನ್ನೇ ಫೀಸು ಎನ್ನುವುದು ಇನ್ನೊಂದು. ಎರಡನೆಯದು ಲೆಕ್ಕದ ಹಾಗೆ ಕಾಣುವುದರಿಂದಲೇ ಹೆಚ್ಚು ಕೈಕೊಡುತ್ತದೆ. ಎಲ್ಲ ಸೀಟೂ ವರ್ಷವಿಡೀ ತುಂಬಿರುತ್ತವೆ ಎಂಬ ಊಹೆ ಅದರೊಳಗೆ ಅಡಗಿ ಕೂತಿರುತ್ತದೆ. 40 ಜನ ಕೂರುವ ಕಡೆ ಇಬ್ಬರು ಬಿಟ್ಟು ಹೋದರೆ ಗೊತ್ತಾಗುವುದಿಲ್ಲ. 6 ಜನರ ಬ್ಯಾಚಿನಲ್ಲಿ ಇಬ್ಬರು ಹೋದರೆ ಆದಾಯದ ಮೂರನೇ ಒಂದು ಭಾಗವೇ ಹೋಯಿತು.

ಇಲ್ಲಿ ಹೊಲಿಗೆ ತರಗತಿಯ ಒಂದು ಬ್ಯಾಚನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ತೋರಿಸಲಾಗಿದೆ. ಟ್ಯೂಷನ್ ಮತ್ತು ಯೋಗಕ್ಕೆ ಲೆಕ್ಕ ಬೇರೆಯಾಗುವ ಕಡೆ ಅದನ್ನೂ ಹೇಳಿದೆ. ಮೊತ್ತಗಳನ್ನು ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡಿದ್ದೇವೆ. ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ, ಕ್ರಮ ಮಾತ್ರ ಬದಲಿಸಬೇಡಿ.

1. ನಿಜವಾಗಿ ಎಷ್ಟು ಸೀಟು ಇದೆ?

ಕೋಣೆಯಲ್ಲಿ 7 ಮಷಿನ್ ಇವೆ, ಆದ್ದರಿಂದ 7 ಸೀಟು ಎಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಸೀಟಿನ ಸಂಖ್ಯೆಯನ್ನು ಮೊದಲು ಕಲಿಸುವವರ ಸಮಯದಿಂದ ತೆಗೆಯಬೇಕು, ಆಮೇಲೆ ಸಾಮಾನಿನಿಂದ.

ಎರಡು ಗಂಟೆಯ ತರಗತಿ ಎಂದರೆ 120 ನಿಮಿಷ. ಮೊದಲ 20 ನಿಮಿಷ ಎಲ್ಲರಿಗೂ ಒಟ್ಟಿಗೆ ತೋರಿಸಿ ಹೇಳುವುದಕ್ಕೆ, ಕೊನೆಯ 10 ನಿಮಿಷ ಎತ್ತಿಡುವುದಕ್ಕೆ ಬೇಕು. ಉಳಿದದ್ದು 90 ನಿಮಿಷ. ಹೊಸಬರ ಪಕ್ಕದಲ್ಲಿ ನಿಂತು ಗುರುತು ನೋಡಿ, ಹೊಲಿಗೆ ಬಿಚ್ಚಿಸಿ, ಮತ್ತೆ ಹಾಕಿಸಲು ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 15 ನಿಮಿಷ ಹಿಡಿಯುತ್ತದೆ. 90ನ್ನು 15ರಿಂದ ಭಾಗಿಸಿದರೆ 6. ಏಳನೆಯವರನ್ನು ಸೇರಿಸಿಕೊಂಡರೆ ಪ್ರತಿದಿನ ಯಾರೋ ಒಬ್ಬರು ಕೈಯಲ್ಲಿ ಬಟ್ಟೆ ಹಿಡಿದು ಕಾಯುತ್ತಾ ಕೂರುತ್ತಾರೆ. ಹೆಚ್ಚಾಗಿ ಎರಡನೇ ತಿಂಗಳು ಬಿಟ್ಟು ಹೋಗುವುದು ಅವರೇ.

ಏಳನೇ ಮಷಿನ್ ವ್ಯರ್ಥವಲ್ಲ. ದಾರ ಗಂಟುಬಿದ್ದು ಒಂದು ಮಷಿನ್ ನಿಂತರೆ ಆ ದಿನ ಒಬ್ಬರ ತರಗತಿ ಹಾಳಾಗದ ಹಾಗೆ ಅದು ಕಾಯುತ್ತದೆ. ಕಟಿಂಗ್ ಟೇಬಲನ್ನೂ ಮರೆಯಬೇಡಿ. ಒಂದು ಟೇಬಲ್ ಸುತ್ತ ಒಮ್ಮೆಗೆ ಇಬ್ಬರು ಮಾತ್ರ ಬಟ್ಟೆ ಹರಡಿ ಕತ್ತರಿಸಬಹುದು. ಆರೂ ಜನ ಒಂದೇ ದಿನ ಕಟಿಂಗಿಗೆ ಬಂದರೆ ಮಷಿನ್‌ಗಳು ಖಾಲಿ ಕೂತಿದ್ದರೂ ಟೇಬಲ್ ಮುಂದೆ ಸಾಲು ನಿಲ್ಲುತ್ತದೆ. ಇಬ್ಬಿಬ್ಬರನ್ನು ಒಂದೊಂದು ಪಾಠ ಹಿಂದೆಮುಂದೆ ಇಟ್ಟರೆ ಈ ತೊಡಕು ಇರುವುದಿಲ್ಲ.

ಟ್ಯೂಷನ್‌ನಲ್ಲಿ ಇದೇ ಲೆಕ್ಕವನ್ನು ನೋಟ್‌ಬುಕ್ ತಿದ್ದುವ ಸಮಯದಿಂದ ಮಾಡಬೇಕು. ಯೋಗದಲ್ಲಿ ಚಾಪೆ ಹಾಸುವ ಜಾಗಕ್ಕಿಂತ, ಮುಂದೆ ನಿಂತವರಿಗೆ ಎಷ್ಟು ಜನರ ಮಂಡಿ, ಬೆನ್ನು ಸರಿಯಾಗಿ ಕಾಣುತ್ತದೆ ಎಂಬುದೇ ಮುಖ್ಯ.

2. ತಿಂಗಳಿಗೆ ಎಷ್ಟು ತರಗತಿ ಎಂದು ಮಾತು ಕೊಡಬೇಕು?

ವಾರಕ್ಕೆ ಮೂರು ದಿನ ಎಂದಿಟ್ಟುಕೊಳ್ಳಿ. ವರ್ಷದ 52 ವಾರದಲ್ಲಿ ರಜೆ, ಕಾಯಿಲೆ, ಊರಿಗೆ ಹೋಗುವುದು ಎಲ್ಲಾ ಸೇರಿ 4 ವಾರ ತೆಗೆದಿಡಿ. ಉಳಿದ 48 ವಾರಕ್ಕೆ 144 ತರಗತಿ, ತಿಂಗಳಿಗೆ ಸರಾಸರಿ 12. ಆದ್ದರಿಂದ ಕೊಡಬೇಕಾದ ಮಾತು “ತಿಂಗಳಿಗೆ 12 ತರಗತಿ”, “ವಾರಕ್ಕೆ ಮೂರು” ಅಲ್ಲ. ವಾರದ ಲೆಕ್ಕದಲ್ಲಿ ಮಾತು ಕೊಟ್ಟರೆ ಒಂದು ತಿಂಗಳಲ್ಲಿ 14 ತರಗತಿಯೂ ಬೀಳಬಹುದು. ರಜೆ ಬಂದ ತಿಂಗಳು “ಫೀಸು ಕಡಿಮೆ ಮಾಡಿ” ಎಂಬ ಮಾತೂ ಬರುತ್ತದೆ.

3. ಖರ್ಚು ಬರೆಯುವುದು, ನಿಮ್ಮ ಕೂಲಿಯನ್ನೂ ಸೇರಿಸಿ

ಜನ ಬಂದರೂ ಬಾರದಿದ್ದರೂ ತಗಲುವ ಖರ್ಚು ಮೊದಲು. ಕೋಣೆ ಬಾಡಿಗೆ 6,000. ಕರೆಂಟು, ಸ್ವಚ್ಛತೆ 1,200. ಮಷಿನ್ ರಿಪೇರಿ, ಎಣ್ಣೆ 600. ಫೋನು, ಜೆರಾಕ್ಸ್, ಪ್ರಚಾರಕ್ಕೆ 650. ಇದಲ್ಲದೆ ಮಷಿನ್ ಹಳೆಯದಾದಾಗ ಹೊಸದು ತರಲು ಎತ್ತಿಡುವ ಹಣವೂ ಬೇಕು: ಒಂದಕ್ಕೆ 9,000ದಂತೆ ಏಳಕ್ಕೆ 63,000, ಅದನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,050. ಎಲ್ಲಾ ಕೂಡಿ 9,500 ರೂಪಾಯಿ. ಅದೇ ಕೋಣೆಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬ್ಯಾಚ್ ನಡೆದರೆ ಒಂದರ ಪಾಲು 4,750.

ಸ್ವಂತ ಮನೆಯ ಕೋಣೆಯಾದರೆ ಬಾಡಿಗೆಯನ್ನು ಸೊನ್ನೆ ಎಂದು ಬರೆಯಬೇಡಿ. ಆ ಕೋಣೆಯನ್ನು ಹೊರಗೆ ಕೊಟ್ಟಿದ್ದರೆ ಏನು ಬರುತ್ತಿತ್ತೋ ಅದನ್ನು ಬರೆಯಿರಿ. ಸೊನ್ನೆ ಎಂದು ಬರೆದು ಫೀಸು ಇಟ್ಟವರಿಗೆ, ಮುಂದೆ ಜಾಗ ಸಾಲದೆ ಹೊರಗೆ ಕೋಣೆ ಹಿಡಿದ ದಿನವೇ ಫೀಸನ್ನು ಒಮ್ಮೆಲೇ ಏರಿಸುವ ಪ್ರಸಂಗ ಬರುತ್ತದೆ.

ಇನ್ನು ಕೂಲಿ. 12 ತರಗತಿ, ತಲಾ ಎರಡು ಗಂಟೆ, ಒಟ್ಟು 24 ಗಂಟೆ ಎಂದು ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆದರೆ ಪ್ರತಿ ತರಗತಿಗೂ ಮುಂಚೆ ಪೇಪರ್ ಕಟಿಂಗ್ ಸಿದ್ಧ ಮಾಡುವುದು, ಬಾಬಿನ್ ಸುತ್ತಿಡುವುದು, ಆಮೇಲೆ ಗುಡಿಸಿ ಮಷಿನ್ ಒರೆಸುವುದು ಸೇರಿ ಮುಕ್ಕಾಲು ಗಂಟೆ ಹೋಗುತ್ತದೆ. ಅದು ತಿಂಗಳಿಗೆ 9 ಗಂಟೆ. ವಿಚಾರಿಸಲು ಫೋನ್ ಮಾಡಿದವರಿಗೆ ಉತ್ತರ, ಫೀಸಿನ ಲೆಕ್ಕ ಇವಕ್ಕೆ ಇನ್ನು 3 ಗಂಟೆ. ಒಟ್ಟು 36 ಗಂಟೆ. ಗಂಟೆಗೆ 250 ರೂಪಾಯಿ ಸಿಗಬೇಕು ಎಂದಿದ್ದರೆ 9,000.

ಒಂದು ಬ್ಯಾಚಿನ ತಿಂಗಳ ಖರ್ಚು 4,750 ಮತ್ತು 9,000 ಸೇರಿ 13,750. ಇದರ ಮೇಲೆ ಒಬ್ಬೊಬ್ಬರು ಸೇರಿದಾಗಲೂ ತಗಲುವುದು ಬೇರೆ: ಅಭ್ಯಾಸಕ್ಕೆ ಕೊಡುವ ಬಟ್ಟೆ, ದಾರ, ಸೂಜಿ, ಕಂದು ಕಾಗದ ಎಲ್ಲಾ ಸೇರಿ ತಲೆಗೆ 250.

4. ಒಟ್ಟು ಸೀಟಿಗಲ್ಲ, ಹಣ ಬರುವ ಸೀಟಿಗೆ ಭಾಗಿಸಿ

ಆರು ಸೀಟು 12 ತಿಂಗಳಿಗೆ ಗುಣಿಸಿದರೆ 72. ಇದು ನೀವು ವರ್ಷದಲ್ಲಿ ಮಾರಬಹುದಾದ ಗರಿಷ್ಠ. ಹಳೆಯ ಹಾಜರಿ ಪುಸ್ತಕ ಇದ್ದರೆ ಹಿಂದಿನ ವರ್ಷ ಇದರಲ್ಲಿ ಎಷ್ಟಕ್ಕೆ ಫೀಸು ಬಂದಿದೆ ಎಂದು ಎಣಿಸಿ. ಬಂದು ಕೂತವರನ್ನು ಎಣಿಸಬೇಡಿ, ಫೀಸು ಕೊಟ್ಟವರನ್ನು ಮಾತ್ರ ಎಣಿಸಿ. ನಮ್ಮ ಉದಾಹರಣೆಯಲ್ಲಿ ಅದು 60, ಅಂದರೆ ತಿಂಗಳಿಗೆ ಸರಾಸರಿ 5. ಹೊಸದಾಗಿ ಶುರು ಮಾಡುವವರ ಬಳಿ ಹಳೆಯ ಲೆಕ್ಕ ಇರುವುದಿಲ್ಲ. ಮೊದಲ ವರ್ಷಕ್ಕೆ ಅವರು ಆರರಲ್ಲಿ ನಾಲ್ಕು ಎಂದು ಹಿಡಿದು ಒಮ್ಮೆ, ಐದು ಎಂದು ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದರೆ ಒಳ್ಳೆಯದು.

```
ಫೀಸು = (ಬ್ಯಾಚಿನ ಖರ್ಚು ÷ ಹಣ ಬರುವ ಸೀಟು) + ತಲೆಖರ್ಚು
ಆರಕ್ಕೆ ಭಾಗಿಸಿದರೆ : 13,750 ÷ 6 + 250 = 2,542
ಐದಕ್ಕೆ ಭಾಗಿಸಿದರೆ : 13,750 ÷ 5 + 250 = 3,000
```

3,000ದ ಮೇಲೆ ಹತ್ತನೇ ಒಂದು ಭಾಗ ಸೇರಿಸಿ 3,300 ಇಡಿ. ಈ 300 ಲಾಭವಲ್ಲ. ತಪ್ಪಿದ ತರಗತಿ ಸರಿದೂಗಿಸಲು, ನಡುವೆ ಏರುವ ಬಾಡಿಗೆಗೆ, ಬಾರದೇ ಉಳಿದ ಫೀಸಿಗೆ ಅದು ಖರ್ಚಾಗಿ ಹೋಗುತ್ತದೆ.

ಈಗ ಎರಡೂ ಫೀಸನ್ನು ಕೆಟ್ಟ ತಿಂಗಳಲ್ಲಿ ಇಟ್ಟು ನೋಡಬೇಕು. ಬ್ಯಾಚಿನಲ್ಲಿ ನಾಲ್ಕೇ ಜನ ಇದ್ದಾರೆ ಎನ್ನಿ. 3,300ರಲ್ಲಿ ತಲೆಖರ್ಚು ಕಳೆದು ಒಬ್ಬರಿಂದ ಉಳಿಯುವುದು 3,050, ನಾಲ್ವರಿಂದ 12,200. ಕೋಣೆಯ ಪಾಲು 4,750 ಕಳೆದರೆ ನಿಮ್ಮ ಕೈಗೆ 7,450, ಗಂಟೆಗೆ ಸುಮಾರು 207. ಬೇಸರವಾದರೂ ನಡೆಸಬಹುದು. ಆರಕ್ಕೆ ಭಾಗಿಸಿ ಬಂದ 2,542ನ್ನು 2,550 ಮಾಡಿ ಇಟ್ಟಿದ್ದರೆ ಅದೇ ನಾಲ್ವರಿಂದ 9,200, ಕೈಗೆ 4,450, ಗಂಟೆಗೆ ಸುಮಾರು 124. ಬೇಕೆಂದುಕೊಂಡ ಕೂಲಿಯ ಅರ್ಧವೂ ಇಲ್ಲ.

ಇದೇ ಲೆಕ್ಕದಿಂದ ಇನ್ನೊಂದು ಅಂಕಿಯೂ ಸಿಗುತ್ತದೆ: ಎಷ್ಟು ಜನ ಸೇರಿದರೆ ಹೊಸ ಬ್ಯಾಚ್ ಶುರು ಮಾಡಬಹುದು ಎಂಬುದು. ಇಬ್ಬರ ಫೀಸಿನಲ್ಲಿ ಕೋಣೆಯ ಪಾಲು ಹುಟ್ಟುತ್ತದೆ, ಐವರಾದರೆ ಪೂರ್ತಿ ಕೂಲಿಯೂ ಹುಟ್ಟುತ್ತದೆ. ನಡುವೆ ನಾಲ್ಕನ್ನು ಗೆರೆಯಾಗಿ ಇಟ್ಟುಕೊಳ್ಳಿ. ನಾಲ್ವರು ಮುಂಗಡ ಕೊಡುವವರೆಗೆ ದಿನಾಂಕ ಘೋಷಿಸಬೇಡಿ. “ಬರ್ತೀನಿ” ಎಂದವರನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ.

5. ಮಾರುವುದು ಸೀಟನ್ನು, ಹಾಜರಿಯನ್ನಲ್ಲ

ಜಗಳ ಹುಟ್ಟುವುದು ಇಲ್ಲಿಯೇ. ಬಾರದ ದಿನಕ್ಕೆ ಹಣ ಕಳೆಯಿರಿ ಎಂದು ಒಬ್ಬರು ಕೇಳುತ್ತಾರೆ, ನೀವು ಕಳೆಯುತ್ತೀರಿ, ಮುಂದಿನ ತಿಂಗಳು ಎಲ್ಲರೂ ಕೇಳುತ್ತಾರೆ. ಅವರು ಬಾರದ ದಿನ ಆ ಮಷಿನ್ ಮುಂದೆ ಬೇರೆ ಯಾರನ್ನೂ ಕೂರಿಸಲು ಆಗುವುದಿಲ್ಲ, ಬಾಡಿಗೆಯೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಸೇರುವ ದಿನವೇ ಬರಹದಲ್ಲಿ ಕೊಡಬೇಕು: ಫೀಸು ಆ ತಿಂಗಳ ಸೀಟಿಗೆ, ಹಾಜರಿಯ ಎಣಿಕೆಗಲ್ಲ.

ಹಾಗೆಂದು ತಪ್ಪಿದ ತರಗತಿಗೆ ಏನೂ ಕೊಡುವುದಿಲ್ಲ ಎಂದರೆ ಜನ ನಿಲ್ಲುವುದಿಲ್ಲ. “ಯಾವಾಗ ಬೇಕಾದರೂ ಬಂದು ಸರಿಮಾಡಿಕೊಳ್ಳಿ” ಎಂದರೂ ಕಷ್ಟವೇ. ಐವರು ಇರುವ ಬ್ಯಾಚಿನಲ್ಲಿ ಆರನೇ ಮಷಿನ್ ಖಾಲಿ, ತಿಂಗಳಲ್ಲಿ 12 ಸಲ ಸಿಗುತ್ತದೆ, ಹೇಗೋ ನಡೆಯುತ್ತದೆ. ಬ್ಯಾಚ್ ತುಂಬಿದ ತಿಂಗಳು ಅಂಥ ಜಾಗ ಒಂದೂ ಇರುವುದಿಲ್ಲ, ಕೊಟ್ಟ ಮಾತು ಮಾತ್ರ ಇರುತ್ತದೆ. ಏಳನೆಯವರು ಬಂದು ನಿಂತಾಗ ಪೂರ್ತಿ ಫೀಸು ಕೊಟ್ಟು ಕೂತವರ ಸಮಯ ಕಡಿತವಾಗುತ್ತದೆ.

ನಡೆಯುವ ಏರ್ಪಾಡು ಹೀಗಿದೆ: ತಿಂಗಳ ಕೊನೆಯ ವಾರ ಎರಡು ಗಂಟೆಯ ಒಂದು ತರಗತಿಯನ್ನು ತಪ್ಪಿಸಿಕೊಂಡವರಿಗೆಂದೇ ಇಡಿ. ಅದಕ್ಕೆ ಹಿಂದಿನ ದಿನವೇ ಹೆಸರು ಕೊಡಬೇಕು. ಬಾಕಿ ಮುಂದಿನ ತಿಂಗಳಿಗೆ ದಾಟುವುದಿಲ್ಲ. ಇದರ ಕೂಲಿ 500. ಎರಡು ಬ್ಯಾಚಿನ ಹತ್ತು ಜನಕ್ಕೆ ಹಂಚಿದರೆ ತಲೆಗೆ 50. ಮೇಲೆ ಸೇರಿಸಿದ 300ರಲ್ಲಿ ಇದು ಆರಾಮವಾಗಿ ಅಡಗುತ್ತದೆ.

ಯೋಗದಲ್ಲಿ ಮಾತು ಸ್ವಲ್ಪ ಬೇರೆ. ಅಲ್ಲಿ ದಿನವೂ ಎಲ್ಲರೂ ಬರುವುದಿಲ್ಲ, ಒಂದು ದಿನದ ಪಾಠ ಇನ್ನೊಂದು ದಿನದ ಪಾಠದ ಮೇಲೆ ನಿಂತಿರುವುದೂ ಇಲ್ಲ. ಆದ್ದರಿಂದ 20 ಚಾಪೆಯ ಜಾಗಕ್ಕೆ 22 ಜನರನ್ನು ಸೇರಿಸಿಕೊಳ್ಳಬಹುದು. ಆದರೆ ನಿರ್ಧರಿಸುವಾಗ ಸರಾಸರಿ ಹಾಜರಿ ನೋಡಬೇಡಿ, ಕಳೆದ ಮೂರು ತಿಂಗಳಲ್ಲಿ ಅತಿ ಹೆಚ್ಚು ಜನ ಬಂದ ದಿನವನ್ನು ನೋಡಿ. ಫೀಸು ಕಟ್ಟಿದ ಮೊದಲ ವಾರ ಎಲ್ಲರಿಗೂ ಉತ್ಸಾಹವಿರುತ್ತದೆ. ಆ ವಾರ ಚಾಪೆ ಹಾಸಲು ಜಾಗವಿಲ್ಲದೆ ಒಬ್ಬರು ವಾಪಸು ಹೋದರೆ ಅವರು ಮತ್ತೆ ಬರುವುದು ಅನುಮಾನ. ಟ್ಯೂಷನ್‌ನಲ್ಲಿ ಈ ಉಪಾಯವೇ ಬೇಡ, ಪರೀಕ್ಷೆಯ ತಿಂಗಳು ಒಬ್ಬರೂ ತಪ್ಪಿಸುವುದಿಲ್ಲ.

ಒಂದೊಂದೇ ತರಗತಿಗೆ ಹಣ ಕೊಟ್ಟು ಬರುತ್ತೇನೆ ಎನ್ನುವವರಿಗೆ 3,300ನ್ನು 12ರಿಂದ ಭಾಗಿಸಿ 275 ಎಂದು ಹೇಳಬೇಡಿ. ಹಾಗೆ ಹೇಳಿದರೆ ತಿಂಗಳಿಗೆ ಎಂಟು ಸಲ ಬರುವವರೆಲ್ಲ ಅತ್ತ ಹೊರಳುತ್ತಾರೆ. 375 ಇಟ್ಟರೆ ಒಂಬತ್ತನೇ ತರಗತಿಗೆ ತಿಂಗಳ ಫೀಸನ್ನು ದಾಟುತ್ತದೆ, ಎಂಟು ಸಲ ಬಂದವರಿಗೂ 300 ಮಾತ್ರ ಉಳಿಯುತ್ತದೆ. ಅದೂ ಆ ದಿನ ಸೀಟು ಖಾಲಿ ಇದ್ದರೆ ಮಾತ್ರ.

6. ಮೂರು ತಿಂಗಳು ಒಟ್ಟಿಗೆ ಕಟ್ಟಿದರೆ ಎಷ್ಟು ರಿಯಾಯಿತಿ?

“ಹತ್ತು ಪರ್ಸೆಂಟ್ ಕಡಿಮೆ” ಎಂದು ಬಾಯಿಗೆ ಬಂದದ್ದನ್ನು ಹೇಳುವ ಅಭ್ಯಾಸವಿದೆ. ಅದಕ್ಕೂ ಲೆಕ್ಕವಿದೆ. ಮೇಲೆ ಹಿಡಿದ 60ನ್ನು ಆರು ಸೀಟಿಗೆ ಹಂಚಿದರೆ ತಿಂಗಳು ತಿಂಗಳು ಕಟ್ಟುವವರ ಸೀಟು ವರ್ಷದಲ್ಲಿ 10 ತಿಂಗಳು ತುಂಬಿರುತ್ತದೆ, ಅಂದರೆ ಒಂದು ಸೀಟಿನಿಂದ 30,500 ಉಳಿಯುತ್ತದೆ. ಮೂರು ತಿಂಗಳ ಪ್ಯಾಕೇಜಿನಿಂದ ಅದೇ ಸೀಟು 11 ತಿಂಗಳು ತುಂಬುತ್ತದೆ ಎನ್ನಿ. ಆಗ ತಿಂಗಳಿಗೆ ತಲೆಖರ್ಚು ಕಳೆದು 2,773 ಬಂದರೂ ಅಷ್ಟೇ ಉಳಿಯುತ್ತದೆ, ಅಂದರೆ ಫೀಸು 3,023. ರಿಯಾಯಿತಿಯ ಮಿತಿ 277 ರೂಪಾಯಿ, ಸುಮಾರು 8.4 ಪರ್ಸೆಂಟ್. ಹತ್ತು ಕೊಟ್ಟರೆ ಸೀಟು ಹೆಚ್ಚು ತುಂಬಿಯೂ ನಷ್ಟ.

ಐದು ಪರ್ಸೆಂಟಿನ ಆಸುಪಾಸು ನಿಲ್ಲಿಸಿ: ಮೂರು ತಿಂಗಳಿಗೆ 9,900ರ ಬದಲು 9,400. ಅದನ್ನೂ ಹೊಸದಾಗಿ ಸೇರುವವರಿಗೆ, ಅದರಲ್ಲೂ ನಿಧಾನವಾಗಿ ತುಂಬುವ ಬ್ಯಾಚಿಗೆ ಮಾತ್ರ ಕೊಡಿ. ಒಂದು ವರ್ಷದಿಂದ ತಪ್ಪದೆ ಬರುತ್ತಿರುವವರಿಗೆ ರಿಯಾಯಿತಿ ಕೊಟ್ಟರೆ ಅವರು ಹೇಗೂ ಕೊಡುತ್ತಿದ್ದ ಹಣವನ್ನು ನೀವೇ ಬಿಟ್ಟುಕೊಟ್ಟ ಹಾಗೆ.

9,400 ಕೈಗೆ ಬಂದ ದಿನ ಅದು ಪೂರ್ತಿ ನಿಮ್ಮದಲ್ಲ. ಮೂರನೇ ಒಂದು ಭಾಗವನ್ನು ಆ ತಿಂಗಳಿಗೆ ತೆಗೆದುಕೊಂಡು ಉಳಿದದ್ದನ್ನು ಬೇರೆ ಖಾತೆಯಲ್ಲಿಡಿ. ಇಲ್ಲದಿದ್ದರೆ ಎರಡನೇ, ಮೂರನೇ ತಿಂಗಳು ಕಲಿಸುವುದು ಇರುತ್ತದೆ, ಬಾಡಿಗೆಗೆ ಹಣ ಇರುವುದಿಲ್ಲ. ನಡುವೆ ಬಿಟ್ಟು ಹೋಗುವವರಿಗೆ ಎಷ್ಟು ವಾಪಸು ಎಂಬುದನ್ನೂ ಮೊದಲೇ ಹೇಳಿಬಿಡಿ: ಕಳೆದ ತಿಂಗಳುಗಳಿಗೆ ರಿಯಾಯಿತಿ ಇಲ್ಲದ ದರ ಹಿಡಿದು ಉಳಿದದ್ದನ್ನು ಕೊಡುವುದು. ಒಂದೇ ತಿಂಗಳು ಬಂದವರಿಗೆ 9,400ರಲ್ಲಿ 3,300 ಕಳೆದು 6,100.

7. ದಿನಾಂಕಗಳು

ಸೇರಿದ ದಿನದಿಂದ ದಿನಕ್ಕೆ ಒಬ್ಬೊಬ್ಬರದು ಒಂದೊಂದು ತಾರೀಕು ಆದರೆ ಯಾವ ಸೀಟು ಯಾವಾಗ ಖಾಲಿಯಾಗುತ್ತದೆ ಎಂಬುದೇ ಗೊತ್ತಾಗದು. ಎಲ್ಲರಿಗೂ ತಿಂಗಳ ಒಂದನೇ ತಾರೀಕಿನಿಂದ ಎಂದಿಡಿ. 25ರೊಳಗೆ ಮುಂದಿನ ತಿಂಗಳ ಫೀಸು ಕಟ್ಟಿದವರ ಸೀಟು ಉಳಿಯುತ್ತದೆ, 26ಕ್ಕೆ ಕಾಯುತ್ತಿರುವವರಿಗೆ ಫೋನ್ ಹೋಗುತ್ತದೆ. ಆರು ಸೀಟಿನ ಬ್ಯಾಚಿನಲ್ಲಿ ಈ ಐದು ದಿನಗಳ ಅಂತರಕ್ಕೆ ದೊಡ್ಡ ಬೆಲೆಯಿದೆ. ಒಂದನೇ ತಾರೀಕು ಬಂದ ಮೇಲೆ “ಈ ತಿಂಗಳು ಬರಲ್ಲ” ಎಂದು ತಿಳಿದರೆ ಆ ತಿಂಗಳು ಆ ಸೀಟಿನ 3,050 ಹೋದ ಹಾಗೆಯೇ.

ಒಂದು ತಿಂಗಳು ಊರಿಗೆ ಹೋಗಿ ಬರುತ್ತೇನೆ, ಸೀಟು ಇಟ್ಟಿರಿ ಎಂದರೆ ಅರ್ಧ ಫೀಸು ತೆಗೆದುಕೊಂಡು ವರ್ಷಕ್ಕೊಮ್ಮೆ ಒಪ್ಪಬಹುದು. ಕಾಯುವವರ ಪಟ್ಟಿ ಇದ್ದಾಗ ಅರ್ಧವೂ ಸಾಲದು. ಪೂರ್ತಿ ಕೊಡಲಿ, ಇಲ್ಲವೇ ಬಂದ ಮೇಲೆ ಪಟ್ಟಿಯಲ್ಲಿ ಮೊದಲ ಹೆಸರು ಅವರದಾಗಲಿ.

8. ಫೀಸು ತಪ್ಪಾಗಿದೆ ಎಂದು ತಿಳಿಯುವುದು ಹೇಗೆ, ಏರಿಸುವುದು ಹೇಗೆ

ವಿಚಾರಿಸಿದವರ ಹೆಸರಿನ ಮುಂದೆ ಅವರು ಯಾವ ಮಾತಿಗೆ ಹಿಂದೆ ಸರಿದರು ಎಂದು ಒಂದು ಪದ ಬರೆದಿಡಿ: ಸಮಯ, ದೂರ, ಫೀಸು. ಹೆಚ್ಚಿನ ಸಾಲುಗಳಲ್ಲಿ “ಸಮಯ” ಇದ್ದರೆ ಫೀಸು ಇಳಿಸಿ ಪ್ರಯೋಜನವಿಲ್ಲ, ಬ್ಯಾಚಿನ ಹೊತ್ತು ಬದಲಿಸಬೇಕು. ಸೇರಿದವರು ಎರಡನೇ ತಿಂಗಳಲ್ಲೇ ಬಿಡುತ್ತಿದ್ದರೂ ಕಾರಣ ಸಾಮಾನ್ಯವಾಗಿ ಫೀಸಲ್ಲ. ಅವರು ಆ ಫೀಸನ್ನು ಒಮ್ಮೆ ಒಪ್ಪಿ ಕೊಟ್ಟಿದ್ದಾರೆ. ಅಲ್ಲಿ ನೋಡಬೇಕಾದದ್ದು ಸೀಟಿನ ಸಂಖ್ಯೆಯನ್ನು, ಇಲ್ಲವೇ ಹೊಸಬರನ್ನೂ ಹಳಬರನ್ನೂ ಒಂದೇ ಬ್ಯಾಚಿಗೆ ಹಾಕಿರುವುದನ್ನು. ಬ್ಯಾಚ್ ತುಂಬಿ, ಮೂರು ತಿಂಗಳಿಂದ ಸತತವಾಗಿ ಇಬ್ಬರಾದರೂ ಕಾಯುತ್ತಿದ್ದರೆ ಮಾತ್ರ ಫೀಸು ಕಡಿಮೆಯಿದೆ ಎಂದು ಧೈರ್ಯವಾಗಿ ಹೇಳಬಹುದು.

ಏರಿಸುವ ಮುಂಚೆ ಎಷ್ಟು ಜನ ಬಿಟ್ಟರೆ ಸರಿಹೋಗುತ್ತದೆ ಎಂದು ನೋಡಿ. 3,300ರಿಂದ 3,600 ಮಾಡಿದರೆ ಒಬ್ಬರಿಂದ ಉಳಿಯುವುದು 3,350. ಆರೂ ಸೀಟು ತುಂಬಿದ್ದಾಗ ಬರುತ್ತಿದ್ದ 18,300 ಈಗ ಐದೂವರೆ ಸೀಟಿಗೇ ಬರುತ್ತದೆ. ಅಂದರೆ ಒಂದು ಸೀಟು ವರ್ಷದಲ್ಲಿ ಆರು ತಿಂಗಳು ಖಾಲಿ ಬಿದ್ದರೂ ನೀವು ಮೊದಲಿದ್ದಲ್ಲೇ ಇರುತ್ತೀರಿ. ಕಾಯುವವರ ಪಟ್ಟಿ ಇದ್ದರೆ ಅಷ್ಟು ದಿನ ಖಾಲಿ ಉಳಿಯುವುದಿಲ್ಲ.

ಹೊಸ ದರ ಮೊದಲು ಹೊಸಬರಿಗೆ. ಹಳಬರಿಗೆ ಎರಡು ತಿಂಗಳು ಮುಂಚೆ, ಎಲ್ಲರಿಗೂ ಒಂದೇ ದಿನ, ಒಂದೇ ಚೀಟಿಯಲ್ಲಿ ತಿಳಿಸಿ: “ಜೂನ್ 1ರಿಂದ ತಿಂಗಳ ಫೀಸು 3,600. ತರಗತಿಗಳ ಸಂಖ್ಯೆ, ಸಾಮಾನು, ತಪ್ಪಿದ ತರಗತಿಯ ನಿಯಮ ಈಗಿರುವಂತೆಯೇ. ಮೇ 25ರೊಳಗೆ ಕಟ್ಟಿದವರ ಸೀಟು ಉಳಿಯುತ್ತದೆ.” ಬಾಡಿಗೆ ಹೆಚ್ಚಾಯಿತು, ದಾರ ದುಬಾರಿಯಾಯಿತು ಎಂದು ಕಾರಣಗಳನ್ನು ಪೋಣಿಸಬೇಡಿ, ಪ್ರತಿ ಕಾರಣವೂ ಒಂದು ಚೌಕಾಸಿಗೆ ಬಾಗಿಲು. ಒಬ್ಬರಿಗೆ ಗುಟ್ಟಾಗಿ ಹಳೆಯ ದರ ಮುಂದುವರಿಸುವುದಂತೂ ಬೇಡ. ಆರು ಜನರ ಕೋಣೆಯಲ್ಲಿ ಅದು ಒಂದು ವಾರವೂ ಗುಟ್ಟಾಗಿ ಉಳಿಯುವುದಿಲ್ಲ.